ತಪ್ಪಿದ ಲಸಿಕೆ: ಮೊದಲಿನಿಂದ ಆರಂಭಿಸಬೇಕೆ?

ಪೆಂಟಾವೆಲೆಂಟ್ ಲಸಿಕೆಯನ್ನು ಮಗುವಿಗೆ 6, 10 ಮತ್ತು 14ನೇ ವಾರಗಳಲ್ಲಿ ಹಾಕಿಸಬೇಕು. ನಿಮ್ಮ ಮಗುವಿಗೆ ಮೊದಲನೆಯದು ಸಕಾಲಕ್ಕೆ ಆಗಿದೆ, ಆಮೇಲೆ ನೆಗಡಿಯೆಂದು ಎರಡನೆಯದನ್ನು ಮುಂದೂಡಿದಿರಿ, ಈಗ ಐದು ತಿಂಗಳಾಗಿದೆ ಎನ್ನೋಣ. ಮತ್ತೆ ಮೊದಲಿನಿಂದ ಆರಂಭಿಸಬೇಕಿಲ್ಲ. ಮೊದಲ ಚುಚ್ಚುಮದ್ದನ್ನು ದೇಹ ಮರೆತಿರುವುದಿಲ್ಲ. ಇಂದೇ ಎರಡನೆಯದನ್ನು, ನಾಲ್ಕು ವಾರ ಕಳೆದ ಮೇಲೆ ಮೂರನೆಯದನ್ನು ಹಾಕಿಸಿ. ಅಂತರ ಹೆಚ್ಚಾದರೆ ಲಸಿಕೆ ವ್ಯರ್ಥವಾಗದು. ಆದರೆ ನಾಲ್ಕು ವಾರಕ್ಕಿಂತ ಕಡಿಮೆಯಾಗಬಾರದು. ತಡವಾದಷ್ಟು ದಿನ ಮಗುವಿಗೆ ನಾಯಿಕೆಮ್ಮಿನಂಥ ರೋಗಗಳಿಂದ ಪೂರ್ಣ ರಕ್ಷಣೆ ಇರುವುದಿಲ್ಲ, ತೊಂದರೆ ಇರುವುದು ಅಲ್ಲಿ. ಅಂದಹಾಗೆ, ಸಾಮಾನ್ಯ ನೆಗಡಿ ಲಸಿಕೆಗೆ ಅಡ್ಡಿಯಲ್ಲ.

ಅಂದು ಸಂಜೆ ಮೈ ಬೆಚ್ಚಗಾಗಬಹುದು, ತೊಡೆ ಊದಿ ನೋಯಬಹುದು, ಮಗು ರಚ್ಚೆ ಹಿಡಿಯಬಹುದು. ಎರಡು ದಿನದಲ್ಲಿ ಇವು ತಾವೇ ಇಳಿಯುತ್ತವೆ. ಎದೆಹಾಲು ಕೊಡುತ್ತಿರಿ, ಊತಕ್ಕೆ ತಣ್ಣೀರಿನ ಬಟ್ಟೆ ಇಡಿ. ಅಜ್ಜಿ ಹೇಳಿದರೂ ಎಣ್ಣೆ ಹಚ್ಚಿ ತಿಕ್ಕಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಹನಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟೇ ಕೊಡಿ. ಮೂರು ಗಂಟೆ ಮೀರಿ ಒಂದೇ ಸಮನೆ ಅತ್ತರೆ, ಫಿಟ್ಸ್ ಬಂದರೆ, ಮಗು ಹಾಲು ಬಿಟ್ಟು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ.