ಎಲ್ಲ ಪರಿಚಯಕ್ಕೂ ಒಂದೇ ವಿಳಾಸ

ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ನಿಂತಿತು. 2020ರ ಜೂನ್‌ನಲ್ಲಿ ಭಾರತ ಟಿಕ್‌ಟಾಕನ್ನು ನಿಷೇಧಿಸಿತು. ಅಲ್ಲಷ್ಟೇ ಪರಿಚಯ ಬೆಳೆಸಿಕೊಂಡಿದ್ದವರು ಮತ್ತೆ ಮೊದಲಿನಿಂದ ಜನರನ್ನು ಹುಡುಕಬೇಕಾಯಿತು. ಸ್ವಂತ ವೆಬ್‌ಸೈಟ್ ಬೇಕಾಗುವುದು ಈ ಕಾರಣಕ್ಕೇ. ಉಳಿದ ಜಾಗಗಳು ಬಂದುಹೋದರೂ ನಿಮ್ಮ ವಿಳಾಸ ಬದಲಾಗುವುದಿಲ್ಲ.

ಧಾರವಾಡದಲ್ಲಿ ಪುಸ್ತಕಗಳಿಗೆ ಮುಖಪುಟ ಮಾಡಿಕೊಡುವ ಕಲಾವಿದೆಯೊಬ್ಬರಿದ್ದಾರೆ ಎಂದುಕೊಳ್ಳೋಣ. ಅವರ ಚಿತ್ರಗಳು ಇನ್‌ಸ್ಟಾಗ್ರಾಮ್‌ನಲ್ಲಿವೆ, ಅನುಭವದ ವಿವರ ಲಿಂಕ್ಡ್‌ಇನ್‌ನಲ್ಲಿದೆ, ಮಾತುಕತೆಯೆಲ್ಲ ವಾಟ್ಸ್ಆ್ಯಪ್‌ನಲ್ಲಿ ನಡೆಯುತ್ತದೆ. ಪುಸ್ತಕ ಮೇಳದಲ್ಲಿ ಸಿಕ್ಕ ಪ್ರಕಾಶಕರು "ನಿಮ್ಮ ಕೆಲಸ ಕಳಿಸಿ" ಎಂದರೆ ಯಾವುದನ್ನು ಕಳಿಸಬೇಕು? ಆರಿಸಿದ ಆರೇಳು ಮುಖಪುಟಗಳನ್ನು ಸ್ವಂತ ಸೈಟಿಗೆ ಹಾಕಿ, ಒಂದೊಂದಕ್ಕೂ ಪ್ರತ್ಯೇಕ ಪುಟ ಕೊಟ್ಟರೆ ಈ ಗೊಂದಲವಿಲ್ಲ. ಲೇಖಕರು ಏನು ಕೇಳಿದ್ದರು, ಮೊದಲ ಕರಡು ಹೇಗಿತ್ತು, ಕೊನೆಗೆ ಅಚ್ಚಾಗಿದ್ದು ಯಾವುದು, ಇಷ್ಟನ್ನು ನಾಲ್ಕು ಸಾಲಲ್ಲಿ ಬರೆದರೆ ಸಾಕು. ಮಕ್ಕಳ ಪುಸ್ತಕ ತರುವವರಿಗೆ ಆ ಪುಟದ ಲಿಂಕು, ಕಾದಂಬರಿ ತರುವವರಿಗೆ ಇನ್ನೊಂದು ಪುಟದ ಲಿಂಕು. ಫೋನ್ ನಂಬರ್, ಇಮೇಲ್ ಎಲ್ಲ ಪುಟದ ಅಡಿಯಲ್ಲೂ ಇರಲಿ.

ನಮ್ಮಲ್ಲಿ ಲಿಂಕು ಹೆಚ್ಚಾಗಿ ಓಡಾಡುವುದು ವಾಟ್ಸ್ಆ್ಯಪ್‌ನಲ್ಲಿ. ಲಿಂಕಿನ ಜೊತೆ ಚಿತ್ರ, ಶೀರ್ಷಿಕೆ ಕಾಣದಿದ್ದರೆ ಅದನ್ನು ಒತ್ತಲು ಜನ ಹಿಂದೆಮುಂದೆ ನೋಡುತ್ತಾರೆ. ಪುಟದ `<head>` ಭಾಗದಲ್ಲಿ ಈ ಎರಡು ಸಾಲು ಇರಬೇಕು:

```html
<meta property="og:title" content="ಮಕ್ಕಳ ಪುಸ್ತಕದ ಮುಖಪುಟ">
<meta property="og:image" content="https://example.com/cover.jpg">
```

ಚಿತ್ರದ ವಿಳಾಸವನ್ನು `https` ಸಮೇತ ಪೂರ್ತಿ ಕೊಡಿ. ಫೈಲು ದೊಡ್ಡದಾದರೆ ಚಿತ್ರ ಕಾಣಿಸದೇ ಹೋಗಬಹುದು. 300 ಕೆಬಿಯೊಳಗೆ ಇಳಿಸಿಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೊದಲು ಗೆಳೆಯರೊಬ್ಬರಿಗೆ ಕಳಿಸಿ ನೋಡಿ.

ಆಮೇಲಿನ ಕೆಲಸ ಸುಲಭ. ಇನ್‌ಸ್ಟಾಗ್ರಾಮ್ ಪರಿಚಯ, ಲಿಂಕ್ಡ್‌ಇನ್, ಇಮೇಲ್ ಸಹಿ, ವಿಸಿಟಿಂಗ್ ಕಾರ್ಡಿನ ಕ್ಯೂಆರ್ ಕೋಡ್, ಎಲ್ಲ ಕಡೆಯೂ ಅದೇ ವಿಳಾಸ ಹಾಕಿ. ಕ್ಯೂಆರ್ ಕೋಡನ್ನು ನೇರವಾಗಿ ಸ್ವಂತ ವಿಳಾಸಕ್ಕೇ ಮಾಡಿಸಿ. ನಡುವೆ ಬೇರೆ ಕಂಪನಿಯ ಲಿಂಕು ಬಂದರೆ, ಆ ಸೇವೆ ನಿಂತ ದಿನ ಅಚ್ಚಾದ ಕಾರ್ಡುಗಳೆಲ್ಲ ವ್ಯರ್ಥ. ಸೈಟ್ ಮಾಡಿಟ್ಟ ಮಾತ್ರಕ್ಕೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಜನರನ್ನು ಭೇಟಿಯಾಗುವುದು, ಮಾತಾಡುವುದು ನಿಮ್ಮದೇ ಕೆಲಸ. ಆ ಮಾತಿಗೆ ಸೈಟ್ ಸಾಕ್ಷಿ ಒದಗಿಸುತ್ತದೆ, ಅಷ್ಟೇ.

ಖರ್ಚು ದೊಡ್ಡದಲ್ಲ. ಗಿಟ್‌ಹಬ್ ಪೇಜಸ್‌ನಂಥ ಸೇವೆಯಲ್ಲಿ ಸಣ್ಣ ಸೈಟನ್ನು ಉಚಿತವಾಗಿ ಇಡಬಹುದು. ಹಣ ಕೊಡಬೇಕಾದದ್ದು ಡೊಮೇನ್ ಹೆಸರಿಗೆ, ಅದನ್ನು ಅವಧಿ ಮುಗಿಯುವ ಮೊದಲೇ ನವೀಕರಿಸುತ್ತಿರಬೇಕು. ಎಡವಟ್ಟಾಗುವುದು ಇಲ್ಲೇ. ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಹೆಸರಲ್ಲೇ ಕೊಂಡಿರುತ್ತಾರೆ. ಅವರು ಊರು ಬಿಟ್ಟರೆ ನವೀಕರಣದ ನೆನಪೋಲೆ ನಿಮಗೆ ಬರುವುದೇ ಇಲ್ಲ, ಗಡುವು ಮೀರಿದ ಹೆಸರು ಬೇರೆಯವರ ಪಾಲಾಗಬಹುದು. ಈಗಾಗಲೇ ಸೈಟ್ ಇದ್ದವರು ಡೊಮೇನ್ ಖಾತೆ ಯಾರ ಇಮೇಲ್‌ನಲ್ಲಿದೆ ಎಂದು ಇವತ್ತೇ ನೋಡಿ. ನಿಮ್ಮದಲ್ಲದಿದ್ದರೆ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.