ಒಂದೇ ಪ್ರಶ್ನೆ, ಎರಡು ಸಂಗತಿ: ಸಮೀಕ್ಷೆಯ ಲೆಕ್ಕ ಕೆಡುವ ಬಗೆ



ಕೈಯಲ್ಲಿ ನಮೂನೆ ಹಿಡಿದು ಮನೆಮನೆಗೆ ಬಂದು ಪ್ರಶ್ನೆ ಕೇಳುವವರನ್ನು ತಾವು ಬಹಳ ಮಂದಿ ಕಂಡಿದ್ದೀರಿ. ನಾನೂ ಅವರಲ್ಲೊಬ್ಬ. ಬೇಸಾಯದ ಡಿಪ್ಲೊಮಾ ಮುಗಿಸಿ ಗ್ರಾಮಸೇವಕನಾಗಿ ಬಂದ ಮೊದಲ ವರ್ಷ ಒಂದು ಹಳ್ಳಿಯಲ್ಲಿ ರಾಗಿ ಬೆಳೆಯ ಸಮೀಕ್ಷೆ ಮಾಡಿದೆ. ಜನರು ಮೋಸ ಮಾಡಬೇಕೆಂದು ಯಾವ ಮಾತನ್ನೂ ಹೇಳಲಿಲ್ಲ. ನಾನೂ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಆದರೂ ಲೆಕ್ಕ ತಪ್ಪಾಯಿತು. ತಪ್ಪು ಇದ್ದದ್ದು ನಾನು ಕೇಳಿದ ಪ್ರಶ್ನೆಯಲ್ಲಿ.

ನನ್ನ ಪ್ರಶ್ನೆ ಹೀಗಿತ್ತು: “ಈ ಮುಂಗಾರಿನಲ್ಲಿ ಸುಧಾರಿತ ರಾಗಿ ಬೀಜವನ್ನೂ ಮೇಲುಗೊಬ್ಬರವನ್ನೂ ಹಾಕಿದಿರಲ್ಲವೇ?” ನಲವತ್ತು ಮನೆಗಳಲ್ಲಿ ಕೇಳಿದೆ. 34 ಮನೆಯವರು “ಹೂಂ ಸ್ವಾಮಿ” ಎಂದರು. ಆರು ಮನೆಯವರು ಇಲ್ಲವೆಂದರು. ಸುಧಾರಿತ ಪದ್ಧತಿ ಈ ಊರಿನಲ್ಲಿ ಬೇರೂರಿದೆ ಎಂದು ಬರೆದು ಕಳುಹಿಸಿದೆ. ಅದರ ಫಲವೇನಾಯಿತು? ಮೇಲುಗೊಬ್ಬರದ ಪ್ರಾತ್ಯಕ್ಷಿಕೆ ನಡೆಸಬೇಕಾದ ಊರುಗಳ ಪಟ್ಟಿಯಿಂದ ಆ ಹಳ್ಳಿಯ ಹೆಸರು ಬಿಟ್ಟುಹೋಯಿತು. ಗೊತ್ತಿದ್ದವರಿಗೆ ಮತ್ತೇಕೆ ತೋರಿಸಬೇಕು ಎಂದು ಮೇಲಿನವರು ಎಣಿಸಿದ್ದು ಸಹಜವೇ.

ಆದರೆ ಹೊಲಗಳ ಮೇಲೆ ನಡೆದುಹೋದಾಗ ನನಗೆ ಅನುಮಾನ ಬಂತು. ಬಹಳ ಕಡೆ ಪೈರು ತೆಂಡೆಯೊಡೆಯದೆ ಹಳದಿಗೆ ತಿರುಗಿ ನಿಂತಿತ್ತು. ಮೇಲುಗೊಬ್ಬರ ಬಿದ್ದ ಹೊಲದ ಬಣ್ಣ ಅದಲ್ಲ. ಮತ್ತೆ ಅದೇ ನಲವತ್ತು ಮನೆಗಳಿಗೆ ಹೋದೆ. ಈ ಸಲ ಪ್ರಶ್ನೆಯನ್ನು ಬಿಡಿಸಿ ಎರಡು ಮಾಡಿದೆ. “ಈ ಸಲ ಯಾವ ರಾಗಿ ಬಿತ್ತಿದಿರಿ?” ಎಂಬುದು ಒಂದು. “ಬಿತ್ತಿದ ಮೇಲೆ ಪೈರಿಗೆ ಗೊಬ್ಬರವೇನಾದರೂ ಹಾಕಿದಿರೋ, ಹಾಕಲಿಲ್ಲವೋ?” ಎಂಬುದು ಇನ್ನೊಂದು.

ಆಗ ನಿಜಸ್ಥಿತಿ ಹೊರಬಿತ್ತು. ಬೀಜ, ಮೇಲುಗೊಬ್ಬರ ಎರಡನ್ನೂ ಬಳಸಿದವರು 13 ಮನೆಯವರು ಮಾತ್ರ. ಬೀಜವನ್ನಷ್ಟೇ ಬಳಸಿದವರು 16. ಹಳೆಯ ಬೀಜಕ್ಕೇ ಮೇಲುಗೊಬ್ಬರ ಹಾಕಿದವರು 3. ಎರಡೂ ಇಲ್ಲದವರು 8. ಅಂದರೆ ಸುಧಾರಿತ ಬೀಜ 29 ಮನೆಗೆ ತಲುಪಿತ್ತು, ಮೇಲುಗೊಬ್ಬರ 16 ಮನೆಯ ಹೊಲಕ್ಕಷ್ಟೇ ಬಿದ್ದಿತ್ತು. ಆ ಊರಿಗೆ ಬೇಕಾಗಿದ್ದದ್ದು ಪಟ್ಟಿಯಿಂದ ಬಿಟ್ಟುಹೋದ ಆ ಪ್ರಾತ್ಯಕ್ಷಿಕೆಯೇ.

ಹಾಗಾದರೆ ಮೊದಲ ಸಲದ 34 “ಹೂಂ” ಎಲ್ಲಿಂದ ಬಂದವು? ಎರಡನ್ನೂ ಬಳಸಿದ 13 ಮನೆಯವರು ಹೂಂ ಎಂದದ್ದು ಸರಿಯೇ. ಒಂದನ್ನು ಮಾತ್ರ ಬಳಸಿದ 19 ಮನೆಯವರು ಇಕ್ಕಟ್ಟಿಗೆ ಸಿಕ್ಕಿದ್ದರು. ಹೂಂ ಎಂದರೆ ಅರ್ಧ ಸುಳ್ಳು, ಇಲ್ಲವೆಂದರೆ ಇನ್ನರ್ಧ ಸುಳ್ಳು. ಮಾಡಿದ್ದನ್ನು ಮುಂದಿಟ್ಟುಕೊಂಡು ಎಲ್ಲರೂ ಹೂಂ ಎಂದರು. ಇದು ಜೋಡಿ ಪ್ರಶ್ನೆಯ ದೋಷ: ಎರಡು ಸಂಗತಿಗೆ ಒಂದೇ ಉತ್ತರ ಬರೆಯುವ ಜಾಗ. ಸೇರಿನಲ್ಲಿ ರಾಗಿಯನ್ನೂ ಹುರುಳಿಯನ್ನೂ ಬೆರೆಸಿ ಅಳೆದ ಮೇಲೆ ರಾಗಿ ಎಷ್ಟು, ಹುರುಳಿ ಎಷ್ಟು ಎಂದು ಆ ಅಳತೆಯಿಂದ ಹೇಳಲಾಗದು. ಹಾಗೆಯೇ 34 ಎಂಬ ಅಂಕಿಯಿಂದ ಬೀಜದ ಲೆಕ್ಕವೂ ಸಿಗದು, ಗೊಬ್ಬರದ ಲೆಕ್ಕವೂ ಸಿಗದು.

ಉಳಿದ ಎರಡು “ಹೂಂ” ಬಂದದ್ದು ಏನನ್ನೂ ಬಳಸದ ಮನೆಗಳಿಂದ. ಅವರಲ್ಲಿ ಹಿರಿಯರೊಬ್ಬರನ್ನು ಕೇಳಿದೆ: “ಯಜಮಾನರೇ, ಅವತ್ತು ಹೂಂ ಅಂದಿರಲ್ಲಾ?” ಅವರು ನಕ್ಕು, “ನೀವೇ ‘ಹಾಕಿದಿರಲ್ಲವೇ’ ಅಂತ ಕೇಳಿದಿರಿ. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋಕೆ ನಾಲಗೆ ಬರಲಿಲ್ಲ ಸ್ವಾಮಿ” ಎಂದರು. ಇದು ಎರಡನೆಯ ದೋಷ. ಬೇಕಾದ ಉತ್ತರವನ್ನು ತಾನೇ ಹೇಳಿಕೊಡುವ ಪ್ರಶ್ನೆಗೆ ಸೂಚಕ ಪ್ರಶ್ನೆ ಎನ್ನುವರು. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕರೆತಂದ ಪಕ್ಷದ ವಕೀಲರೇ ಅವನ ಮೊದಲ ವಿಚಾರಣೆಯಲ್ಲಿ ಇಂಥ ಪ್ರಶ್ನೆ ಕೇಳಿದರೆ ಎದುರು ಪಕ್ಷದವರು ಎದ್ದು ಆಕ್ಷೇಪಿಸಬಹುದು. ನಮ್ಮ ಜಗಲಿಯ ಮೇಲೆ ಆಕ್ಷೇಪಿಸುವವರು ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಈ ಎರಡು ದೋಷಗಳನ್ನೂ ಕಿವಿಯಿಂದಲೇ ಗುರುತಿಸಬಹುದು. ಪ್ರಶ್ನೆಯ ಕೊನೆಗೆ “ಅಲ್ಲವೇ”, “ತಾನೇ” ಬಂದರೆ ಅದು ಸೂಚಕ. “ಎಷ್ಟು ಲಾಭವಾಯಿತು?” ಎಂಬುದೂ ಸೂಚಕವೇ, ಏಕೆಂದರೆ ಲಾಭವಾಗಿದೆಯೆಂದು ಅದು ಮೊದಲೇ ತೀರ್ಮಾನಿಸಿದೆ, ನಷ್ಟವಾದವನಿಗೆ ಅಲ್ಲಿ ಜಾಗವಿಲ್ಲ. ಪ್ರಶ್ನೆಯ ನಡುವೆ “ಇದನ್ನೂ ಅದನ್ನೂ” ಅಥವಾ “ಮತ್ತು” ಬಂದರೆ ಜೋಡಿಯಿರಬಹುದು. ಪರೀಕ್ಷೆ ಸುಲಭ: ಉತ್ತರ “ಇಲ್ಲ” ಎಂದಿಟ್ಟುಕೊಳ್ಳಿ. ಯಾವುದು ಇಲ್ಲ ಎಂದು ತಿಳಿಯದಿದ್ದರೆ ಆ ಪ್ರಶ್ನೆಯನ್ನು ಬಿಡಿಸಲೇಬೇಕು.

ಕೆಲವು ಜೋಡಿ ಪ್ರಶ್ನೆಗಳಲ್ಲಿ “ಮತ್ತು” ಕಾಣಿಸದು. “ಮನೆಯವರೆಲ್ಲ” ಎಂಬ ಮಾತಿನಲ್ಲಿ ಐದಾರು ಪ್ರಶ್ನೆ ಅಡಗಿರುತ್ತವೆ. 2018ರಲ್ಲಿ ನಮ್ಮ ದೇಶದ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಶೌಚಾಲಯವಿರುವ ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಗುಂಪಿಗೆ ಸುಮಾರು 1,200 ಮನೆ. ಒಂದು ಗುಂಪಿಗೆ, ಮನೆಯವರು ಸಾಮಾನ್ಯವಾಗಿ ಯಾವ ಬಗೆಯ ಶೌಚಾಲಯ ಬಳಸುತ್ತಾರೆ ಎಂಬ ಒಂದೇ ಪ್ರಶ್ನೆ. ಇನ್ನೊಂದಕ್ಕೆ, ಅಜ್ಜ, ಮಗ, ಸೊಸೆ ಎಂದು ಒಬ್ಬೊಬ್ಬರ ಬಗ್ಗೆಯೂ ಬೇರೆ ಬೇರೆ ಪ್ರಶ್ನೆ. ಒಬ್ಬೊಬ್ಬರ ಬಗ್ಗೆ ಕೇಳಿದ ಗುಂಪಿನಲ್ಲಿ ಬಯಲಿಗೆ ಹೋಗುವವರ ಪ್ರಮಾಣ ನೂರಕ್ಕೆ ಸುಮಾರು 20ರಷ್ಟು ಹೆಚ್ಚು ಕಂಡಿತು. ಚೀಟಿ ಎತ್ತಿ ಹಂಚಿದ್ದರಿಂದ ಮನೆಗಳು ಎರಡು ಕಡೆಯೂ ಒಂದೇ ತರಹದವು. ಬೇರೆಯಾಗಿದ್ದದ್ದು ಪ್ರಶ್ನೆ ಮಾತ್ರ.

ಇಂಥ ತಪ್ಪನ್ನು ಆಮೇಲೆ ತಿದ್ದಲು ಬರುವುದಿಲ್ಲ ಎಂಬುದನ್ನು ನಾನು ಅನುಭವದಿಂದ ಕಲಿತೆ. ನಲವತ್ತರ ಬದಲು ನಾಲ್ಕು ನೂರು ಮನೆಗಳಲ್ಲಿ ಕೇಳಿದ್ದರೂ ತಪ್ಪು ಕಡಮೆಯಾಗುತ್ತಿರಲಿಲ್ಲ. ತಕ್ಕಡಿಯೇ ಒಂದು ಕಡೆ ವಾಲಿದ್ದರೆ ನೂರು ಸಲ ತೂಗಿದರೂ ತೂಕ ಸರಿಬಾರದು. ಮತ್ತೆ ಹೋಗಿ ಕೇಳುವುದೊಂದೇ ದಾರಿ.

“ಅಲ್ಲವೇ” ತೆಗೆದುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದೂ ಹೇಳಲಾರೆ. ಕೇಳುವವನು ಗೊಬ್ಬರದ ಪ್ರಚಾರಕ್ಕೆ ಬರುವವನೇ ಆಗಿದ್ದರೆ ಅವನಿಗೆ ಯಾವ ಉತ್ತರ ಪ್ರಿಯವೆಂದು ಎಲ್ಲರಿಗೂ ಗೊತ್ತು. ಆದುದರಿಂದ ನಾನೀಗ ನಡೆದ ಕೆಲಸವನ್ನೇ ಕೇಳುತ್ತೇನೆ: ಯಾವ ದಿನ ಹಾಕಿದಿರಿ, ಎಷ್ಟು ಚೀಲ, ಎಲ್ಲಿಂದ ತಂದಿರಿ? ಹಾಕದವರಿಗೂ ಹೇಳಿಕೊಳ್ಳಲು ದಾರಿ ಇಡುತ್ತೇನೆ: “ಕೆಲವರು ಹಾಕಿದ್ದಾರೆ, ಕೆಲವರು ಹಾಕಿಲ್ಲ. ತಮ್ಮಲ್ಲಿ ಹೇಗಾಯಿತು?” ಹೀಗೆ ಕೇಳಿದ ಮೇಲೆಯೇ ಹಾಕದಿರಲು ಕಾರಣವೂ ತಿಳಿಯಿತು. ಕಳೆ ತೆಗೆದ ವಾರ ಮಳೆ ಬರಲಿಲ್ಲ. ಒಣ ನೆಲಕ್ಕೆ ಯೂರಿಯಾ ಚೆಲ್ಲಿ ಹಾಳು ಮಾಡುವುದೇಕೆ ಎಂದು ಅವರು ತಡೆದಿದ್ದರು. ಅದು ಅಜ್ಞಾನವಲ್ಲ, ಲೆಕ್ಕಾಚಾರ. ನನ್ನ ಮೊದಲ ಪ್ರಶ್ನೆ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಇನ್ನು ಮುಂದೆ ಜೋಡಿ ಪ್ರಶ್ನೆ ಕೇಳುವವರು ಬಂದರೆ, ನಾನೇ ಬಂದರೂ ಸರಿ, ಬರೀ ಹೂಂ ಅನ್ನಬೇಡಿ. “ಬಿಡಿಸಿ ಕೇಳಿ ಸ್ವಾಮಿ, ಬೀಜ ಹೌದು, ಗೊಬ್ಬರ ಇಲ್ಲ” ಎಂದು ಹೇಳಿ. ನಮೂನೆಯಲ್ಲಿ ಜಾಗವಿಲ್ಲ ಎಂದರೆ ಪಕ್ಕದ ಅಂಚಿನಲ್ಲಾದರೂ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ.