ಶುಕ್ರನ ನೀರು ಎಲ್ಲಿ ಹೋಯಿತು?

1970ರ ಡಿಸೆಂಬರ್ 15ರಂದು ಸೋವಿಯತ್ ಒಕ್ಕೂಟದ ವೆನೆರಾ-7 ನೌಕೆ ಶುಕ್ರನ ನೆಲ ಮುಟ್ಟಿತು. ಪ್ಯಾರಾಚೂಟ್ ಕೈಕೊಟ್ಟಿದ್ದರಿಂದ ಅದು ಮೆಲ್ಲಗೆ ಇಳಿಯುವ ಬದಲು ನೆಲಕ್ಕೆ ಅಪ್ಪಳಿಸಿತ್ತು. ಅಲ್ಲಿಗೆ ಸಂಕೇತ ನಿಂತೇಹೋಯಿತು ಎಂದೇ ಮೊದಲು ಎಲ್ಲರೂ ಅಂದುಕೊಂಡರು. ಆಮೇಲೆ ಟೇಪುಗಳನ್ನು ಮತ್ತೆ ಕೂಲಂಕಷವಾಗಿ ನೋಡಿದಾಗ, ಗದ್ದಲದ ಅಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಕ್ಷೀಣ ಸಂಕೇತ ಹುದುಗಿರುವುದು ಕಂಡಿತು. ನೌಕೆಯೊಳಗಿನ ಸ್ವಿಚ್ಚೊಂದು ಸಿಕ್ಕಿಕೊಂಡಿದ್ದರಿಂದ ಬೇರೆ ಯಾವ ಅಳತೆಯೂ ಬರಲಿಲ್ಲ. ಬಂದದ್ದು ತಾಪಮಾನ ಮಾತ್ರ: ಸುಮಾರು 475 ಡಿಗ್ರಿ ಸೆಲ್ಸಿಯಸ್. ಸೀಸ ಕರಗಲು 327 ಡಿಗ್ರಿ ಸಾಕು.

ಮುಂಜಾವಿನಲ್ಲೂ ಮುಸ್ಸಂಜೆಯಲ್ಲೂ ನಾವು ಬೆಳ್ಳಿ ಎಂದು ಗುರುತಿಸುವ ಆ ಹೊಳೆಯುವ ಚುಕ್ಕಿ ಇಂಥ ಕುಲುಮೆ ಎಂದರೆ, ಸೂರ್ಯನಿಗೆ ಹತ್ತಿರವಿದೆಯಲ್ಲ, ಅದಕ್ಕೇ ಇರಬೇಕು ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ ಆ ಉತ್ತರ ನಿಲ್ಲುವುದಿಲ್ಲ. ಬುಧ ಗ್ರಹ ಸೂರ್ಯನಿಗೆ ಇನ್ನೂ ಹತ್ತಿರದಲ್ಲಿದ್ದರೂ ಅಲ್ಲಿನ ಹಗಲಿನ ಅತಿ ಹೆಚ್ಚಿನ ಬಿಸಿ ಸುಮಾರು 430 ಡಿಗ್ರಿ, ರಾತ್ರಿಯಲ್ಲಂತೂ ಅದು ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಶುಕ್ರನಲ್ಲಿ ಹಗಲಿರುಳೆನ್ನದೆ 460ರ ಆಸುಪಾಸಿನಲ್ಲೇ ಬಿಸಿ ನಿಂತಿರುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದು. ಶುಕ್ರನ ಮೇಲೆ ಬೀಳುವ ಬಿಸಿಲು ನಮ್ಮದರ ಹೆಚ್ಚುಕಡಿಮೆ ಎರಡು ಪಟ್ಟು ಇದ್ದರೂ, ಅದನ್ನು ಸುತ್ತಿಕೊಂಡಿರುವ ಗಂಧಕಾಮ್ಲದ ಬಿಳಿ ಮೋಡಗಳು ಮುಕ್ಕಾಲು ಭಾಗವನ್ನು ಹಾಗೆಯೇ ಹಿಂದಕ್ಕೆ ಕಳಿಸಿಬಿಡುತ್ತವೆ. ಕೊನೆಗೆ ಶುಕ್ರ ಒಳಗೆ ತೆಗೆದುಕೊಳ್ಳುವ ಬಿಸಿಲು ಭೂಮಿ ತೆಗೆದುಕೊಳ್ಳುವುದಕ್ಕಿಂತ ಕಡಿಮೆಯೇ!

ಅಂದರೆ ಗುಟ್ಟಿರುವುದು ಬರುವ ಬಿಸಿಲಿನಲ್ಲಲ್ಲ, ಹೊರಗೆ ಹೋಗಬೇಕಾದ ಶಾಖದಲ್ಲಿ. ಬಿಸಿಯಾದ ನೆಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ಇಂಗಾಲದ ಡೈಆಕ್ಸೈಡ್, ನೀರಾವಿಯಂಥ ಅನಿಲಗಳು ಬೆಳಕನ್ನು ಒಳಬಿಟ್ಟುಕೊಂಡರೂ ಈ ಕಿರಣಗಳನ್ನು ಹೀರಿಕೊಂಡು ತಡೆಯುತ್ತವೆ. ಇದೇ ಹಸಿರುಮನೆ ಪರಿಣಾಮ. ಶುಕ್ರನ ವಾತಾವರಣದಲ್ಲಿ 96 ಭಾಗಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡೇ. ನೆಲಮಟ್ಟದಲ್ಲಿ ಅದರ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 90 ಪಟ್ಟು. ನಮ್ಮ ಸಮುದ್ರದಲ್ಲಿ ಅಷ್ಟು ಒತ್ತಡ ಸಿಗಬೇಕಾದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಆಳಕ್ಕೆ ಇಳಿಯಬೇಕು. ಇಷ್ಟು ದಟ್ಟವಾದ ಅನಿಲದೊಳಗಿಂದ ನೆಲದ ಶಾಖ ನೇರವಾಗಿ ಹೊರಬೀಳಲಾರದು. ಅದು ಬಾಹ್ಯಾಕಾಶಕ್ಕೆ ಜಾರಿಕೊಳ್ಳುವುದು ಗಾಳಿ ತೆಳ್ಳಗಾಗುವ ಎತ್ತರದಲ್ಲಿ, ಸುಮಾರು 60 ಕಿಲೋಮೀಟರ್ ಮತ್ತು ಅದಕ್ಕೂ ಮೇಲೆ. 60 ಕಿಲೋಮೀಟರಿನಲ್ಲಿ ತಾಪಮಾನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದೆ. ಅಲ್ಲಿಂದ ಪ್ರತಿ ಕಿಲೋಮೀಟರ್ ಕೆಳಗಿಳಿದಂತೆ ಸರಾಸರಿ ಎಂಟು ಡಿಗ್ರಿಯಷ್ಟು ಬಿಸಿ ಏರುತ್ತದೆ. ಅರವತ್ತನ್ನು ಎಂಟರಿಂದ ಗುಣಿಸಿ ಹತ್ತು ಕಳೆಯಿರಿ: 470. ವೆನೆರಾ-7 ಕಳಿಸಿದ ಅಂಕಿಗೆ ಇದು ಎಷ್ಟು ಹತ್ತಿರ ಬಂತು ನೋಡಿ.

ಹಾಗಾದರೆ ಅಷ್ಟು ಇಂಗಾಲದ ಡೈಆಕ್ಸೈಡ್ ಶುಕ್ರನಿಗೆ ಬಂದದ್ದಾದರೂ ಎಲ್ಲಿಂದ? ಈ ಪ್ರಶ್ನೆಯನ್ನು ತಿರುಗಿಸಿ ಕೇಳುವುದೇ ಸರಿ ಎಂದು ನನಗನ್ನಿಸುತ್ತದೆ: ಭೂಮಿಯದು ಎಲ್ಲಿ ಹೋಯಿತು? ಯಾಕೆಂದರೆ ಎರಡೂ ಗ್ರಹಗಳ ಒಟ್ಟು ಇಂಗಾಲ ಸರಿಸುಮಾರು ಒಂದೇ ಮಟ್ಟದ್ದು. ನಮ್ಮದು ಕಲ್ಲಿನೊಳಗೆ ಸೇರಿಕೊಂಡಿದೆ. ನಮ್ಮಲ್ಲಿ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲನ್ನೇ ತೆಗೆದುಕೊಳ್ಳಿ. ಅದು ಸುಣ್ಣಕಲ್ಲು. ಶುದ್ಧ ಸುಣ್ಣಕಲ್ಲು ನೂರು ಕಿಲೋ ಇದ್ದರೆ ಅದರಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡೇ. ಕಲಬುರಗಿ ಸೀಮೆಯ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಇಂಥ ಕಲ್ಲು 900 ಡಿಗ್ರಿ ಬಿಸಿಯಲ್ಲಿ ಸುಟ್ಟಾಗ ಆ ಅನಿಲ ಮತ್ತೆ ಹೊರಗೆ ಬರುತ್ತದೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಂಡೆಗಳನ್ನು ಸವೆಸುತ್ತದೆ, ಸವೆದ ಕ್ಯಾಲ್ಸಿಯಂ ನದಿಗಳೊಡನೆ ಸಮುದ್ರ ಸೇರುತ್ತದೆ, ಅಲ್ಲಿ ಎರಡೂ ಕೂಡಿ ಸುಣ್ಣಕಲ್ಲಾಗಿ ತಳದಲ್ಲಿ ಕೂರುತ್ತವೆ. ಜ್ವಾಲಾಮುಖಿಗಳು ಉಗುಳುವ ಇಂಗಾಲವನ್ನು ಭೂಮಿ ಕೋಟ್ಯಂತರ ವರ್ಷಗಳಿಂದ ಹೀಗೆ ಹೂತಿಡುತ್ತ ಬಂದಿದೆ. ಈ ಇಡೀ ಕೆಲಸಕ್ಕೆ ಬೇಕಾದದ್ದು ಹರಿಯುವ ನೀರು. ಶುಕ್ರನ ಹತ್ತಿರ ಇಲ್ಲದ್ದು ಅದೊಂದೇ. ಇವತ್ತು ಅದರ ಗಾಳಿಯಲ್ಲಿರುವ ನೀರಾವಿಯನ್ನೆಲ್ಲ ಹಿಂಡಿ ನೆಲದ ಮೇಲೆ ಹರವಿದರೆ ಕೆಲವೇ ಸೆಂಟಿಮೀಟರ್ ನಿಲ್ಲುತ್ತದೆ. ಭೂಮಿಯ ನೀರನ್ನು ಹಾಗೆ ಹರವಿದರೆ ಎರಡೂವರೆ ಕಿಲೋಮೀಟರಿಗೂ ಮಿಗಿಲು.

ನೀರು ಕೈತಪ್ಪಿದ್ದು ಹೇಗೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಅಮೆರಿಕದ ಆಂಡ್ರ್ಯೂ ಇಂಗರ್ಸಾಲ್ ಮುಖ್ಯರು. 1969ರ ಅವರ ಪ್ರಬಂಧ ಶುಕ್ರನ ನೀರಿನ ಇತಿಹಾಸವನ್ನೇ ಕುರಿತದ್ದು. ನೀರಾವಿಗೆ ಒಂದು ಅಪಾಯದ ಗುಣವಿದೆ. ಬಿಸಿ ಹೆಚ್ಚಿದಷ್ಟೂ ಸಮುದ್ರದಿಂದ ಹೆಚ್ಚು ಆವಿ ಏಳುತ್ತದೆ, ಆವಿ ಹೆಚ್ಚಿದಷ್ಟೂ ಶಾಖ ಸಿಕ್ಕಿಬಿದ್ದು ಬಿಸಿ ಇನ್ನೂ ಏರುತ್ತದೆ. ಸಾಮಾನ್ಯವಾಗಿ ಈ ಏರಿಕೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಏಕೆಂದರೆ ಬಿಸಿಯಾದ ನೆಲ ಹೆಚ್ಚು ಶಾಖವನ್ನು ಹೊರಗೆ ಚೆಲ್ಲುತ್ತದೆ. ಆದರೆ ವಾತಾವರಣದ ತುಂಬ ಆವಿಯೇ ತುಂಬಿಕೊಂಡಾಗ ಬಾಹ್ಯಾಕಾಶಕ್ಕೆ ಶಾಖ ಹೋಗುವುದು ಆವಿ ತೆಳ್ಳಗಾಗುವ ಮೇಲ್ಪದರದಿಂದ ಮಾತ್ರ. ಆ ಪದರದ ತಾಪಮಾನವನ್ನು ತೀರ್ಮಾನಿಸುವುದು ನೀರಿನ ಗುಣ, ನೆಲದ ಬಿಸಿಯಲ್ಲ. ಹೀಗಾಗಿ ಕೆಳಗೆ ನೆಲ ಎಷ್ಟೇ ಕಾದರೂ ಮೇಲಿನಿಂದ ಹೊರಡುವ ಶಾಖ ಒಂದು ಮಿತಿಯನ್ನು ದಾಟುವುದಿಲ್ಲ. ಕೆರೆಗೆ ಬರುವ ನೀರು ತೂಬಿನಲ್ಲಿ ಹೋಗುವ ನೀರಿಗಿಂತ ಹೆಚ್ಚಾಗಿ, ಆ ತೂಬು ಎಷ್ಟು ಮಟ್ಟ ಏರಿದರೂ ಅಷ್ಟನ್ನೇ ಬಿಡುವುದಾದರೆ, ಕೆರೆ ತುಂಬುತ್ತಲೇ ಹೋಗುತ್ತದಲ್ಲ, ಹಾಗೆ.

ಈಗಿನ ಲೆಕ್ಕಾಚಾರಗಳ ಪ್ರಕಾರ ಆ ಮಿತಿ ಚದರ ಮೀಟರಿಗೆ ಸುಮಾರು 280 ವಾಟ್. ಭೂಮಿ ಸರಾಸರಿ 240 ವಾಟ್‌ನಷ್ಟು ಬಿಸಿಲನ್ನು ಹೀರಿಕೊಳ್ಳುತ್ತದೆ, ಅಂದರೆ ನಾವು ಮಿತಿಯ ಈಚೆಗೆ ಇದ್ದೇವೆ. ಶುಕ್ರನ ಲೆಕ್ಕವನ್ನೂ ಮಾಡೋಣ. ಇವತ್ತು ಅಲ್ಲಿ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಚದರ ಮೀಟರಿಗೆ ಸುಮಾರು 2600 ವಾಟ್. ಸೂರ್ಯ ಹುಟ್ಟಿದ ಹೊಸತರಲ್ಲಿ ಈಗಿನ ಶೇಕಡ 70ರಷ್ಟು ಮಾತ್ರ ಪ್ರಖರವಾಗಿದ್ದ, ಹಾಗಾಗಿ ಆಗ ಅದು 1820. ಗ್ರಹ ದುಂಡಗಿರುವುದರಿಂದಲೂ ಅರ್ಧ ಭಾಗ ಕತ್ತಲಲ್ಲಿರುವುದರಿಂದಲೂ ಸರಾಸರಿಗಾಗಿ ನಾಲ್ಕರಿಂದ ಭಾಗಿಸಬೇಕು: 455. ಭೂಮಿಯಂತೆ ಶೇಕಡ 30ರಷ್ಟು ಬಿಸಿಲನ್ನು ಹಿಂದಕ್ಕೆ ಎಸೆದರೆ ಉಳಿಯುವುದು 318. ಮಿತಿ ದಾಟಿತು. ಬಿಸಿಲು ಒಳಗೆ ಬರುತ್ತಲೇ ಇದೆ, ಶಾಖಕ್ಕೆ ಹೊರಹೋಗಲು ದಾರಿ ಸಾಲದು. ಕಡಲು ಪೂರ್ತಿ ಆವಿಯಾಗಿ, ನೆಲ ಸಾವಿರ ಡಿಗ್ರಿಯನ್ನೂ ಮೀರಿ ಬಂಡೆ ಕರಗಿ, ಕೆಂಡದ ಹೊಳಪು ಆವಿಯನ್ನು ತೂರಿಕೊಂಡು ಹೊರಬರುವ ತನಕ ಏರಿಕೆ ನಿಲ್ಲುವುದಿಲ್ಲ. ಇವತ್ತಿನ 465 ಡಿಗ್ರಿ, ಆ ಮಹಾತಾಪ ತಣಿದ ಮೇಲೆ ಉಳಿದದ್ದು.

ಆವಿಯಾದ ನೀರು ಆವಿಯಾಗಿಯೇ ಉಳಿದಿದ್ದರೆ ಮುಂದೆಂದಾದರೂ ಮಳೆಯಾಗಬಹುದಿತ್ತು. ಭೂಮಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಕೊರೆಯುವ ಚಳಿ ಆವಿಯನ್ನು ಹೆಪ್ಪುಗಟ್ಟಿಸಿ ಕೆಳಗೇ ಉಳಿಸುತ್ತದೆ. ಕಾದ ಶುಕ್ರನಲ್ಲಿ ಆ ತಡೆ ಕೆಲಸ ಮಾಡಲಿಲ್ಲ. ಆವಿ ವಾತಾವರಣದ ನೆತ್ತಿಗೇರಿತು. ಅಲ್ಲಿ ಸೂರ್ಯನ ನೇರಳಾತೀತ ಕಿರಣಗಳು ನೀರಿನ ಅಣುವನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದವು. ಜಲಜನಕ ತುಂಬ ಹಗುರ, ಗ್ರಹದ ಸೆಳೆತವನ್ನು ಮೀರಿ ಹೊರಟುಹೋಯಿತು. ಹೋದ ಮೇಲೆ ಮತ್ತೆ ನೀರು ಕೂಡಿಬರುವ ಮಾತೇ ಇಲ್ಲ.

ಇದೆಲ್ಲ ಬರೀ ಲೆಕ್ಕದ ಕಥೆಯಲ್ಲ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು ಒಂದು ಅಡಚಣೆಯಿಂದ. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟನೆ ಇದೇ. 1978ರ ಡಿಸೆಂಬರ್ 9ರಂದು ಅಮೆರಿಕದ ಪಯೋನಿಯರ್ ವೀನಸ್ ಯಾನದ ದೊಡ್ಡ ಶೋಧಕವೊಂದು ಮೋಡಗಳ ನಡುವೆ ಇಳಿಯುತ್ತಿತ್ತು. ಗಾಳಿಯನ್ನು ಒಳಗೆಳೆದು ಅಣುಗಳನ್ನು ತೂಗುವ ಉಪಕರಣದ ಸಣ್ಣ ಬಾಯಿಗೆ ಗಂಧಕಾಮ್ಲದ ಹನಿ ಬಂದು ಅಂಟಿಕೊಂಡು ದಾರಿ ಮುಚ್ಚಿಹೋಯಿತು. ಇಳಿದಂತೆ ಬಿಸಿ ಹೆಚ್ಚಾಗಿ ಹನಿ ಆವಿಯಾಗಿ ಹೋಗುವವರೆಗೂ ಉಪಕರಣ ಹೊರಗಿನ ಗಾಳಿಯನ್ನು ಸರಿಯಾಗಿ ಅಳೆಯಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದು ಅಳೆದದ್ದು ಹನಿಯೊಳಗಿನ ನೀರನ್ನು. ಥಾಮಸ್ ಡೊನಾಹ್ಯೂ ಮತ್ತು ಸಂಗಡಿಗರು ಅಂಕಿಗಳನ್ನು ಬಿಡಿಸಿದಾಗ ಡ್ಯೂಟೇರಿಯಂ ವಿಪರೀತವಾಗಿ ಕಂಡಿತು. ಡ್ಯೂಟೇರಿಯಂ ಎಂದರೆ ಸಾಮಾನ್ಯ ಜಲಜನಕದ ಎರಡರಷ್ಟು ತೂಕದ ಜಲಜನಕ. ಭೂಮಿಯ ನೀರಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜಲಜನಕ ಪರಮಾಣುಗಳಿಗೆ ಇಂಥದ್ದು ಒಂದೇ ಒಂದು. ಶುಕ್ರನಲ್ಲಿ ಅದರ ಪ್ರಮಾಣ ಸುಮಾರು ನೂರು ಪಟ್ಟು. ಹಗುರವಾದದ್ದು ಸುಲಭವಾಗಿ ಹಾರಿಹೋಗಿ ಭಾರದ್ದು ಹಿಂದುಳಿದರೆ ಮಾತ್ರ ಹೀಗಾಗಲು ಸಾಧ್ಯ. 1982ರಲ್ಲಿ ಅವರು ಪ್ರಕಟಿಸಿದ ತೀರ್ಮಾನ: ಶುಕ್ರ ಒಮ್ಮೆ ನೀರಿದ್ದ ಗ್ರಹ. 2006ರಿಂದ ಶುಕ್ರನನ್ನು ಸುತ್ತಿದ ಯುರೋಪಿನ ವೀನಸ್ ಎಕ್ಸ್‌ಪ್ರೆಸ್ ನೌಕೆ, ಜಲಜನಕ ಇಂದಿಗೂ ಅಲ್ಲಿಂದ ಸೋರುತ್ತಿರುವುದನ್ನು ಅಳೆಯಿತು.

ನೀರಿತ್ತು ಸರಿ, ಅದು ಎಂದಾದರೂ ಕಡಲಾಗಿ ನೆಲದ ಮೇಲೆ ನಿಂತಿತ್ತೇ? ವಿಜ್ಞಾನಿಗಳ ಜಗಳ ಇರುವುದು ಇಲ್ಲಿ. ಮೇಲಿನ ಲೆಕ್ಕದಲ್ಲಿ ಮೋಡಗಳು 30ರ ಬದಲು ಶೇಕಡ 40ರಷ್ಟು ಬಿಸಿಲನ್ನು ಹಿಂದಕ್ಕೆಸೆದವು ಎಂದಿಟ್ಟುಕೊಳ್ಳಿ. ಉಳಿಯುವುದು 273, ಮಿತಿಗಿಂತ ಕಡಿಮೆ. ಕಡಲು ಉಳಿಯಿತು! ನಾಸಾದ ಮೈಕೆಲ್ ವೇ ಮತ್ತು ಸಂಗಡಿಗರು 2016ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಶುಕ್ರ ಬಲು ನಿಧಾನವಾಗಿ ತಿರುಗುವುದರಿಂದ ಹಗಲಿನ ಭಾಗದ ಮೇಲೆ ದಟ್ಟ ಮೋಡ ಕಟ್ಟಿ ನೆಲಕ್ಕೆ ನೆರಳಾಗುತ್ತಿತ್ತು, ಅಲ್ಲಿ ಬಹುಕಾಲ ಹಿತವಾದ ಹವೆ ಇದ್ದಿರಬಹುದು ಎಂಬುದು ಅವರ ವಾದ. 2021ರಲ್ಲಿ ಮಾರ್ಟಿನ್ ಟರ್ಬೆ ತಂಡ ಬೇರೆ ಕಡೆಯಿಂದ ಶುರುಮಾಡಿತು: ಗ್ರಹ ಹುಟ್ಟಿದಾಗ ಎಲ್ಲವೂ ಆವಿಯೇ ಅಲ್ಲವೇ, ಅದು ತಣಿದು ಮಳೆಯಾಗುತ್ತಿತ್ತೇ? ಅವರ ಮಾದರಿಯಲ್ಲಿ ಮೋಡ ಕಟ್ಟಿದ್ದು ರಾತ್ರಿಯ ಭಾಗದಲ್ಲಿ. ಅಲ್ಲಿ ಮೋಡ ಬಿಸಿಲನ್ನು ತಡೆಯುವುದಿಲ್ಲ, ಶಾಖವನ್ನು ಮಾತ್ರ ಹಿಡಿದಿಡುತ್ತದೆ. ಹಾಗಾದರೆ ಶುಕ್ರನ ಮೇಲೆ ಒಂದು ಹನಿ ಮಳೆಯೂ ನೆಲ ಮುಟ್ಟಲಿಲ್ಲ. ನನ್ನ ಒಲವು ಈ ಎರಡನೆಯದರ ಕಡೆಗಿದೆ, ಕಡಲನ್ನು ಉಳಿಸಿಕೊಳ್ಳುವ ಮೊದಲು ಅದನ್ನು ಪಡೆಯಬೇಕಲ್ಲ.

ಭೂಮಿಯ ಗತಿಯೂ ಇದೇ ಆದೀತೇ ಎಂದು ಕೇಳುವವರಿದ್ದಾರೆ. ನಾವು ಸುಡುವ ಕಲ್ಲಿದ್ದಲು, ತೈಲಗಳಿಂದ ಹವಾಮಾನ ಕೆಟ್ಟು ದೊಡ್ಡ ಅನಾಹುತವಾಗುವುದು ನಿಜ, ಆದರೆ ಅಷ್ಟರಿಂದಲೇ ಕಡಲು ಕುದಿದು ಬತ್ತುವ ಸಾಧ್ಯತೆ ತೀರಾ ಕಡಿಮೆ ಎಂದು ಲೆಕ್ಕಗಳು ಹೇಳುತ್ತವೆ. ಮಿತಿಯ ಕಡೆಗೆ ನಮ್ಮನ್ನು ನಿಜವಾಗಿ ತಳ್ಳುತ್ತಿರುವವನು ಸೂರ್ಯ. ಅವನು ನೂರು ಕೋಟಿ ವರ್ಷಕ್ಕೆ ಸುಮಾರು ಶೇಕಡ ಹತ್ತರಷ್ಟು ಪ್ರಖರವಾಗುತ್ತಿದ್ದಾನೆ. ನಮ್ಮ ಸಮುದ್ರಗಳಿಗೆ ಆಪತ್ತು ಬರುವುದು ಆ ಕಾಲಮಾನದಲ್ಲಿ.

ಶುಕ್ರನ ಕಡಲಿನ ಜಗಳವನ್ನು ಕಂಪ್ಯೂಟರ್ ಮಾದರಿಗಳು ಬಗೆಹರಿಸಲಾರವು, ಅಳತೆಯೇ ಬೇಕು. ನಾಸಾ ಯೋಜಿಸಿರುವ ಡಾವಿಂಚಿ ಶೋಧಕ ಆಲ್ಫಾ ರೀಜಿಯೋ ಎಂಬ ಎತ್ತರದ ಪ್ರದೇಶದ ಮೇಲೆ ಇಳಿಯುತ್ತ, ಡ್ಯೂಟೇರಿಯಮ್ಮಿನ ಪ್ರಮಾಣವನ್ನು ಪಯೋನಿಯರ್‌ಗಿಂತ ನಿಖರವಾಗಿ ತೂಗಲಿದೆ. ಭಾರತದ ಇಸ್ರೋ ಕೂಡ ಶುಕ್ರನನ್ನು ಸುತ್ತುವ ನೌಕೆಯನ್ನು ಸಿದ್ಧಪಡಿಸುತ್ತಿದೆ, ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆಲ್ಫಾ ರೀಜಿಯೋದ ಬಂಡೆ ಬೆಣಚುಕಲ್ಲಿನ ತರಹದ್ದು, ಗ್ರಾನೈಟಿನ ಜಾತಿಯದು ಎಂದು ತಿಳಿದರೆ ವೇ ತಂಡದ ಬಲ ಹೆಚ್ಚುತ್ತದೆ, ಯಾಕೆಂದರೆ ಗ್ರಾನೈಟ್ ದೊಡ್ಡ ಪ್ರಮಾಣದಲ್ಲಿ ಹುಟ್ಟಲು ನೀರು ಬೇಕು. ಬರೀ ಕಪ್ಪು ಬಸಾಲ್ಟ್ ಎಂದಾದರೆ ಟರ್ಬೆ ತಂಡದ ಮಾತಿಗೆ ತೂಕ ಬರುತ್ತದೆ.